ಕಡಲಗಾಳಿಯ ಬಾಲ್ಕನಿಗೆ ಯಾವ ತಿರುಪು?

ಮಲ್ಪೆಯ ಕಡೆಯಿಂದ ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕಳಿಸಿದ ಪ್ರಶ್ನೆ ಇದು: ‘ನಮ್ಮ ಬಾಲ್ಕನಿಗೆ ಅಲ್ಯೂಮಿನಿಯಂ ರೇಲಿಂಗ್ ಹಾಕಿಸಿ ಎರಡು ವರ್ಷವಾಯಿತು. ಅದನ್ನು ಹಿಡಿದಿರುವ ತಿರುಪುಗಳಿಂದ ಕೆಂಪು ನೀರು ಸೋರಿ ಗೋಡೆಯೆಲ್ಲ ಕಲೆಯಾಗಿದೆ. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ, ಹಿತ್ತಾಳೆ ತಿರುಪು ಹಾಕಿಸೋಣ ಎನ್ನುತ್ತಾರೆ ಅಪ್ಪ. ಕೆಲಸದವರು ಜಿ.ಐ. ತಿರುಪೇ ಸಾಕು, ಮತ್ತೆ ಅದನ್ನೇ ಹಾಕುತ್ತೇನೆ ಎನ್ನುತ್ತಾರೆ. ಯಾರ ಮಾತು ಸರಿ?’

ಅಪ್ಪನ ಮಾತಿನಲ್ಲಿ ಒಂದು ನಿಜವಿದೆ. ಹಿತ್ತಾಳೆಯಲ್ಲಿ ಕಬ್ಬಿಣವೇ ಇಲ್ಲದ್ದರಿಂದ ಅದಕ್ಕೆ ಕೆಂಪು ತುಕ್ಕು ಬರುವುದಿಲ್ಲ. ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ‘ತಿರುಪು ಉಳಿಯುತ್ತದೆಯೇ?’ ಎಂಬುದಷ್ಟೇ ಅಲ್ಲ. ‘ಆ ತಿರುಪು ತಾನು ಹಿಡಿದಿರುವ ಲೋಹವನ್ನು ಉಳಿಯಗೊಡುತ್ತದೆಯೇ?’ ಎಂಬುದೂ ಹೌದು. ಬಾಲ್ಕನಿಯ ರೇಲಿಂಗ್ ಎಂದರೆ ಮಕ್ಕಳು ಒರಗಿ ನಿಲ್ಲುವ ಜಾಗ. ಅಲ್ಲಿ ಎರಡೂ ಪ್ರಶ್ನೆಗೆ ಉತ್ತರ ಬೇಕು.

ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿದ್ದು, ಎರಡನ್ನೂ ಒಂದೇ ಉಪ್ಪುನೀರು ತೋಯಿಸಿದ್ದರೆ ಅಲ್ಲಿ ಒಂದು ಪುಟ್ಟ ವಿದ್ಯುತ್ಕೋಶ ಹುಟ್ಟುತ್ತದೆ. ಎಲೆಕ್ಟ್ರಾನ್‌ಗಳನ್ನು ಸುಲಭವಾಗಿ ಬಿಟ್ಟುಕೊಡುವ ಲೋಹ ಅಯಾನುಗಳಾಗಿ ಕರಗುತ್ತ ಹೋಗುತ್ತದೆ. ಇದು ಆನೋಡ್. ಅದು ಬಿಟ್ಟ ಎಲೆಕ್ಟ್ರಾನ್‌ಗಳು ಲೋಹದಿಂದ ಲೋಹಕ್ಕೆ ಹರಿದು ಇನ್ನೊಂದರ ಮೇಲ್ಮೈಗೆ ಬರುತ್ತವೆ. ಇದು ಕ್ಯಾಥೋಡ್. ಅಲ್ಲಿ ಗಾಳಿಯಿಂದ ನೀರಿಗೆ ಸೇರಿದ ಆಮ್ಲಜನಕ ಆ ಎಲೆಕ್ಟ್ರಾನ್‌ಗಳನ್ನು ತೆಗೆದುಕೊಳ್ಳುತ್ತದೆ. ಟಾರ್ಚಿನ ಸೆಲ್ಲಿನಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ ಬಗೆಯ ಕೆಲಸ. ಆದರೆ ಅಲ್ಲಿ ಬೆಳಕು ಸಿಗುತ್ತದೆ, ಇಲ್ಲಿ ರೇಲಿಂಗ್ ಸವೆಯುತ್ತದೆ. ಇದನ್ನು ಗ್ಯಾಲ್ವಾನಿಕ್ ಸವೆತ ಎನ್ನುತ್ತಾರೆ. ಕಪ್ಪೆಯ ಕಾಲಿಗೆ ಎರಡು ಲೋಹ ತಾಗಿದಾಗ ಅದು ಅದುರುವುದನ್ನು 18ನೇ ಶತಮಾನದ ಕೊನೆಯಲ್ಲಿ ಗಮನಿಸಿದ ಇಟಲಿಯ ಲುಯಿಜಿ ಗ್ಯಾಲ್ವಾನಿಯ ಹೆಸರು ಇದಕ್ಕೆ ಅಂಟಿಕೊಂಡಿದೆ.

ಈ ಕೋಶಕ್ಕೆ ಮೂರು ಸಂಗತಿ ಬೇಕು: ಎರಡು ಬೇರೆ ಲೋಹ, ಅವುಗಳ ನಡುವೆ ಲೋಹದ ಸಂಪರ್ಕ, ಎರಡನ್ನೂ ಮುಟ್ಟುವ ಉಪ್ಪುನೀರು. ಮೂರರಲ್ಲಿ ಒಂದನ್ನು ತಪ್ಪಿಸಿದರೂ ಕೋಶ ನಿಲ್ಲುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಉಪಯೋಗಕ್ಕೆ ಬರುತ್ತದೆ.

‘ಬಾಲ್ಕನಿಗೆ ಸಮುದ್ರದ ನೀರು ಎಲ್ಲಿಂದ ಬಂತು?’ ಎಂದು ಕೇಳಬಹುದು. ಅಲೆ ಒಡೆದಾಗ ಏಳುವ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ತೇಲಿ ಬಂದು ಲೋಹದ ಮೇಲೆ ಕೂರುತ್ತವೆ. ನೀರು ಆರಿ ಉಪ್ಪು ಉಳಿಯುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಜಾಡಿಯಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗಲಾರಂಭಿಸುತ್ತದೆ. ಕಡಲಿನ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಆಸೆಬುರುಕ. ಅದಕ್ಕೆ ಶೇಕಡಾ 33ರಷ್ಟು ಆರ್ದ್ರತೆಯೇ ಸಾಕು. ಆದ್ದರಿಂದ ನಮ್ಮ ಕರಾವಳಿಯಲ್ಲಿ ಲೋಹದ ಮೇಲಿನ ಉಪ್ಪು ಪೂರ್ತಿ ಒಣಗುವುದೇ ಅಪರೂಪ. ಕೈಗೆ ಒದ್ದೆ ಎನಿಸದಿದ್ದರೂ ಕಣ್ಣಿಗೆ ಕಾಣದ ಉಪ್ಪುನೀರಿನ ತೆಳುಪೊರೆ ಅಲ್ಲಿರುತ್ತದೆ.

ಇಲ್ಲಿಯೇ ಒಂದು ವಿಚಿತ್ರವನ್ನು ಗಮನಿಸಿ. ಮಳೆಗೆ ಪೂರ್ತಿ ಒಡ್ಡಿಕೊಂಡ ತಾರಸಿಯ ಕಂಬಿಗಿಂತ, ಮೇಲೆ ಸೂರಿರುವ ಬಾಲ್ಕನಿಯ ಒಳಮೂಲೆಯ ತಿರುಪು ಎಷ್ಟೋ ಸಲ ಬೇಗ ಹಾಳಾಗುತ್ತದೆ. ತಾರಸಿಯ ಉಪ್ಪನ್ನು ಮುಂಗಾರು ತೊಳೆದುಬಿಡುತ್ತದೆ. ಸೂರಿನ ಕೆಳಗಿನ ಉಪ್ಪನ್ನು ತೊಳೆಯುವವರಿಲ್ಲ, ಅದು ವರ್ಷದಿಂದ ವರ್ಷಕ್ಕೆ ಕೂಡುತ್ತಲೇ ಹೋಗುತ್ತದೆ.

ಈಗ ಯಾವ ಲೋಹ ಕರಗುತ್ತದೆ, ಯಾವುದು ಉಳಿಯುತ್ತದೆ ಎಂಬ ಪ್ರಶ್ನೆ. ಪಠ್ಯಪುಸ್ತಕದ ಕ್ರಿಯಾಶೀಲತೆಯ ಸರಣಿಯಲ್ಲಿ ಅಲ್ಯೂಮಿನಿಯಂ ಸತುವಿಗಿಂತ ಹೆಚ್ಚು ಕ್ರಿಯಾಶೀಲ. ಆದರೆ ಸಮುದ್ರದ ನೀರಿನಲ್ಲಿ ಅಳೆದು ನೋಡಿದರೆ ಕ್ರಮ ಅದಲುಬದಲಾಗುತ್ತದೆ. ಅಲ್ಯೂಮಿನಿಯಂ ತನ್ನ ಮೈಮೇಲೆ ತೆಳುವಾದ ಆಕ್ಸೈಡ್ ಪೊರೆಯನ್ನು ಹೊದ್ದಿರುವುದೇ ಇದಕ್ಕೆ ಕಾರಣ. ಸ್ಟೇನ್‌ಲೆಸ್ ಸ್ಟೀಲ್‌ಗೂ ಕ್ರೋಮಿಯಂ ಆಕ್ಸೈಡಿನ ಇಂಥದೇ ಪೊರೆಯಿದೆ. ಹೀಗಾಗಿ ಕಡಲಿನ ಸರಣಿ, ಬೇಗ ಕರಗುವುದರಿಂದ ತಡವಾಗಿ ಕರಗುವುದರ ಕಡೆಗೆ, ಹೀಗಿದೆ: ಸತು, ಅಲ್ಯೂಮಿನಿಯಂ, ಕಬ್ಬಿಣ, ಹಿತ್ತಾಳೆ, ತಾಮ್ರ, ಕೊನೆಗೆ ಸ್ಟೇನ್‌ಲೆಸ್ ಸ್ಟೀಲ್. ಅಲ್ಯೂಮಿನಿಯಂ ಮತ್ತು ಹಿತ್ತಾಳೆಯ ನಡುವಣ ಅಂತರ ಸುಮಾರು 0.4 ವೋಲ್ಟ್, ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಸ್ಟೀಲ್ ನಡುವೆ ಸುಮಾರು 0.7 ವೋಲ್ಟ್.

ಜಾಣ ವಿದ್ಯಾರ್ಥಿ ಇಲ್ಲಿ ಕೈ ಎತ್ತುತ್ತಾನೆ. ‘ಹಾಗಾದರೆ ಅಲ್ಯೂಮಿನಿಯಂಗೆ ಸ್ಟೇನ್‌ಲೆಸ್ ತಿರುಪು ಹಿತ್ತಾಳೆಗಿಂತ ಅಪಾಯಕಾರಿ ಅಲ್ಲವೇ ಸಾರ್?’ ವೋಲ್ಟನ್ನಷ್ಟೇ ನೋಡಿದರೆ ಹಾಗೆಯೇ ಕಾಣುತ್ತದೆ. ಆದರೆ ಅನುಭವ ಇದಕ್ಕೆ ತದ್ವಿರುದ್ಧ. ವೋಲ್ಟ್ ಹೇಳುವುದು ಸವೆತ ಯಾವ ದಿಕ್ಕಿಗೆ ಎಂಬುದನ್ನು, ಅದರ ವೇಗವನ್ನಲ್ಲ. ವೇಗವನ್ನು ನಿರ್ಧರಿಸುವುದು, ಕ್ಯಾಥೋಡಿನ ಮೇಲೆ ಆಮ್ಲಜನಕ ಎಷ್ಟು ಚುರುಕಾಗಿ ಎಲೆಕ್ಟ್ರಾನ್‌ಗಳನ್ನು ಎತ್ತಿಕೊಳ್ಳಬಲ್ಲದು ಎಂಬ ಅಂಶ. ತಾಮ್ರ ಮತ್ತು ಹಿತ್ತಾಳೆಯ ಮೇಲೆ ಈ ಕೆಲಸ ಸರಾಗ. ಸ್ಟೇನ್‌ಲೆಸ್ ಸ್ಟೀಲಿನ ಆಕ್ಸೈಡ್ ಪೊರೆಯ ಮೇಲೆ ಅದು ಕುಂಟುತ್ತ ಸಾಗುತ್ತದೆ. ಇಳಿಜಾರು ಕಡಿದಾಗಿದ್ದರೂ ಕೊಳವೆ ಕಿರಿದಾಗಿದ್ದರೆ ನೀರು ಸಣ್ಣಗೆ ಹರಿಯುವ ಹಾಗೆ.

ಹಿತ್ತಾಳೆಗೆ ಇನ್ನೂ ಒಂದು ಕೆಟ್ಟ ಗುಣವಿದೆ. ಅದರ ಮೇಲೆ ಹರಿದ ಉಪ್ಪುನೀರು ಸ್ವಲ್ಪ ಸ್ವಲ್ಪವೇ ತಾಮ್ರವನ್ನು ಕರಗಿಸಿಕೊಂಡು ಕೆಳಗಿನ ಅಲ್ಯೂಮಿನಿಯಂ ಮೇಲೆ ಇಳಿಯುತ್ತದೆ. ಆ ತಾಮ್ರ ಅಲ್ಯೂಮಿನಿಯಂ ಮೇಲೆ ಸಣ್ಣ ಸಣ್ಣ ಚುಕ್ಕೆಗಳಾಗಿ ಕೂರುತ್ತದೆ. ಒಂದೊಂದು ಚುಕ್ಕೆಯೂ ಒಂದೊಂದು ಹೊಸ ಕ್ಯಾಥೋಡ್! ಅದರ ಸುತ್ತ ಅಲ್ಯೂಮಿನಿಯಂ ಗುಳಿಬೀಳುತ್ತದೆ. ಆದ್ದರಿಂದ ಹಿತ್ತಾಳೆ ತಿರುಪು ತಾನು ಫಳಫಳ ಹೊಳೆಯುತ್ತ, ತನ್ನ ಸುತ್ತಲಿನ ರೇಲಿಂಗನ್ನು ಬಿಳಿಪುಡಿ ಮಾಡಿಬಿಡುತ್ತದೆ. ತಾಮ್ರದ ತಂತಿಯನ್ನು ಅಲ್ಯೂಮಿನಿಯಂ ಕಂಬಿಗೆ ಬಟ್ಟೆ ಒಣಹಾಕಲು ಕಟ್ಟಬಾರದು ಎನ್ನುವುದೂ ಇದಕ್ಕಾಗಿಯೇ.

ಜಿ.ಐ. ತಿರುಪಿನ ಕಥೆ ಬೇರೆ. ಅದು ಸತು ಲೇಪಿಸಿದ ಕಬ್ಬಿಣ. ಸತು ಮೊದಲು ಕರಗಿ ಕಬ್ಬಿಣವನ್ನು ಕಾಯುತ್ತದೆ. ಇಲ್ಲಿ ಗ್ಯಾಲ್ವಾನಿಕ್ ಸವೆತವನ್ನು ನಾವೇ ಒಳ್ಳೆಯ ಕೆಲಸಕ್ಕೆ ಬಳಸಿಕೊಂಡಿದ್ದೇವೆ. ಆದರೆ ಕಾವಲು ಎಷ್ಟು ದಿನ ಎಂಬುದು ಲೇಪನದ ದಪ್ಪವನ್ನು ಅವಲಂಬಿಸಿದೆ. ಅಂಗಡಿಯಲ್ಲಿ ನುಣ್ಣಗೆ ಹೊಳೆಯುವ ತಿರುಪಿಗೆ ವಿದ್ಯುಲ್ಲೇಪನದಿಂದ ಹಾಕಿದ ಸತು ಸಾಮಾನ್ಯವಾಗಿ 5ರಿಂದ 8 ಮೈಕ್ರಾನ್ ಮಾತ್ರ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಕರಗಿದ ಸತುವಿನಲ್ಲಿ ಅದ್ದಿ ತೆಗೆದ, ಮಂಕಾಗಿ ಒರಟಾಗಿ ಕಾಣುವ ಬೋಲ್ಟಿನ ಮೇಲೆ 40-50 ಮೈಕ್ರಾನ್ ಇರುತ್ತದೆ. ಅಲ್ಯೂಮಿನಿಯಂ ಪಕ್ಕದಲ್ಲಿದ್ದಾಗ ಸತುವಿಗೆ ಇಮ್ಮಡಿ ಕೆಲಸ, ಏಕೆಂದರೆ ಅದು ಕಬ್ಬಿಣದ ಜೊತೆಗೆ ಅಲ್ಯೂಮಿನಿಯಂ ಅನ್ನೂ ಕಾಯುತ್ತ ಕರಗುತ್ತದೆ. ಹೊಳೆಯುವ ತಿರುಪಿನ ಸತು ಮುಗಿದುಹೋದ ಮೇಲೆ ಗೋಡೆಯ ಮೇಲೆ ಇಳಿಯುವುದು ಕೆಂಪು ನೀರು.

ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ವಿಸ್ತೀರ್ಣದ್ದು. ಕ್ಯಾಥೋಡ್ ದೊಡ್ಡದಾದಷ್ಟೂ ಅದು ಹೆಚ್ಚು ಎಲೆಕ್ಟ್ರಾನ್ ಬೇಡುತ್ತದೆ. ಆ ಬೇಡಿಕೆಯನ್ನೆಲ್ಲ ಪೂರೈಸಬೇಕಾದ್ದು ಆನೋಡ್. ಆನೋಡ್ ಚಿಕ್ಕದಾಗಿದ್ದರೆ ಅದರ ಗತಿ ಏನು?

ಒಂದು ತಿರುಪಿನ ತಲೆ 8 ಮಿಲಿಮೀಟರ್ ಅಗಲ ಎಂದಿಟ್ಟುಕೊಳ್ಳಿ. ಅದರ ವಿಸ್ತೀರ್ಣ ಸುಮಾರು ಅರ್ಧ ಚದರ ಸೆಂಟಿಮೀಟರ್. ಬಾಲ್ಕನಿಯ ಉಪ್ಪುನೀರಿನ ಪೊರೆ ಬಹಳ ತೆಳುವಾದ್ದರಿಂದ ಅದರಲ್ಲಿ ಕರೆಂಟು ಬಹು ದೂರ ಹರಿಯಲಾರದು. ಕೆಲವು ಮಿಲಿಮೀಟರ್, ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್. ನಾವು ತಲೆಯ ಸುತ್ತ 1 ಸೆಂಟಿಮೀಟರ್ ಅಗಲದ ಉಂಗುರವನ್ನು ಮಾತ್ರ ಲೆಕ್ಕಕ್ಕೆ ಹಿಡಿಯೋಣ. ಹೊರ ವ್ಯಾಸ 2.8 ಸೆಂಟಿಮೀಟರ್, ಪೂರ್ತಿ ವೃತ್ತ ಸುಮಾರು 6.15 ಚದರ ಸೆಂಟಿಮೀಟರ್. ತಿರುಪಿನ ತಲೆಯನ್ನು ಕಳೆದರೆ 5.65. ಅಂದರೆ ಉಂಗುರ ತಲೆಗಿಂತ ಸುಮಾರು 11 ಪಟ್ಟು ದೊಡ್ಡದು.

ಈಗ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆಗೆ ಜಿ.ಐ. ತಿರುಪು ಹಾಕಿದರೆ? 11 ಪಾಲು ಕ್ಯಾಥೋಡಿನ ಬೇಡಿಕೆ 1 ಪಾಲು ಸತುವಿನ ತಲೆಯ ಮೇಲೆ ಬೀಳುತ್ತದೆ. ಸತು ಹೋಗಿ ಕಬ್ಬಿಣವೂ ಹೋಗುತ್ತದೆ. ತಟ್ಟೆ ಹೊಳೆಯುತ್ತಿರುತ್ತದೆ, ಅದನ್ನು ಹಿಡಿದ ತಿರುಪು ಒಳಗೇ ಸಣಕಲಾಗುತ್ತದೆ. ಇದಕ್ಕೆ ಬದಲಾಗಿ ಅಲ್ಯೂಮಿನಿಯಂ ತಟ್ಟೆಗೆ ಸ್ಟೇನ್‌ಲೆಸ್ ತಿರುಪು ಹಾಕಿದರೆ 1 ಪಾಲಿನ ಸಣ್ಣ ಬೇಡಿಕೆ 11 ಪಾಲಿನ ಮೇಲೆ ಹಂಚಿಹೋಗುತ್ತದೆ. ಎರಡರಲ್ಲೂ ಲೋಹಗಳು ಬೇರೆ ಬೇರೆಯೇ. ಪರಿಣಾಮ ಮಾತ್ರ ಅಜಗಜಾಂತರ. ಆದ್ದರಿಂದ ನಿಯಮ ಇಷ್ಟು: ತಿರುಪು ತಾನು ಹಿಡಿದಿರುವ ಲೋಹದ್ದೇ ಆಗಿರಲಿ, ಇಲ್ಲವೇ ಸರಣಿಯಲ್ಲಿ ಅದಕ್ಕಿಂತ ಗಟ್ಟಿ ಲೋಹದ್ದಾಗಿರಲಿ, ಎಂದೂ ಅದಕ್ಕಿಂತ ಬೇಗ ಕರಗುವಂಥದ್ದಾಗಿರಬಾರದು.

ಈ ಪಾಠವನ್ನು ಬ್ರಿಟಿಷ್ ನೌಕಾಪಡೆ ದುಬಾರಿ ಬೆಲೆ ತೆತ್ತು ಕಲಿಯಿತು. ಮರಕೊರಕ ಹುಳುಗಳಿಂದ ಕಾಪಾಡಲು 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿದರು. ವೆಸ್ಟ್ ಇಂಡೀಸ್‌ಗೆ ಹೋಗಿ ಬಂದ ಹಡಗನ್ನು 1763ರಲ್ಲಿ ಪರೀಕ್ಷಿಸಿದಾಗ ಹಲವು ಕಡೆ ತಗಡು ಕಳಚಿಹೋಗಿತ್ತು. ತಾಮ್ರಕ್ಕೇನೂ ಆಗಿರಲಿಲ್ಲ, ಅದಕ್ಕೆ ತಾಗಿದ ಕಬ್ಬಿಣದ ಮೊಳೆಗಳು ಕೊರೆದುಹೋಗಿದ್ದವು. ದೊಡ್ಡ ತಾಮ್ರ, ಚಿಕ್ಕ ಕಬ್ಬಿಣ: ನಮ್ಮ ಲೆಕ್ಕದ ಕೆಟ್ಟ ದಿಕ್ಕು. ಆದರೆ ಕೆಲವು ಮೊಳೆಗಳು ಮಾತ್ರ ಚೆನ್ನಾಗಿಯೇ ಇದ್ದವು. ತಗಡು ಸುತ್ತಿಬಂದಿದ್ದ ಕಂದು ಕಾಗದವನ್ನು ಕೆಲಸಗಾರರು ಕೆಲವೆಡೆ ತೆಗೆಯದೆ ಬಿಟ್ಟಿದ್ದರು. ಕಾಗದ ಉಳಿದಲ್ಲಿ ಮೊಳೆಯೂ ಉಳಿದಿತ್ತು. ಮೂರು ಸಂಗತಿಗಳಲ್ಲಿ ಒಂದಾದ ಲೋಹದ ಸಂಪರ್ಕವನ್ನು ಆ ಕಾಗದ ತಪ್ಪಿಸಿತ್ತು.

ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯದ್ದೂ ಇದೇ ಕಥೆ. 1886ರಲ್ಲಿ ನಿಂತ ಆ ಪ್ರತಿಮೆಗೆ ತಾಮ್ರದ ಮೈ, ಕಬ್ಬಿಣದ ಪಟ್ಟಿಗಳ ಒಳಕಟ್ಟು. ನಡುವೆ ಹಾಕಿದ್ದ ನಿರೋಧಕ ಪದರ ಕಾಲಕ್ರಮೇಣ ಹಾಳಾಗಿ ಪಟ್ಟಿಗಳು ತುಕ್ಕು ಹಿಡಿದು ಉಬ್ಬಿದವು. 1986ರಲ್ಲಿ ಮುಗಿದ ದುರಸ್ತಿಯಲ್ಲಿ ಆ ಕಬ್ಬಿಣದ ಪಟ್ಟಿಗಳನ್ನು ತೆಗೆದು 316 ಜಾತಿಯ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳನ್ನು ಹಾಕಿದರು, ತಾಮ್ರಕ್ಕೂ ಅವಕ್ಕೂ ನಡುವೆ ಟೆಫ್ಲಾನ್ ಪಟ್ಟಿ ಇಟ್ಟರು.

ನಮ್ಮ ಬಾಲ್ಕನಿಗೂ ಉತ್ತರ ಅದೇ: 316 ಸ್ಟೇನ್‌ಲೆಸ್ ಸ್ಟೀಲ್ ತಿರುಪು, ಜೊತೆಗೆ ನಡುವೆ ನಿರೋಧಕ. ಪಾತ್ರೆಗಳಿಗೆ ಬಳಸುವ 304ರಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇದೆ. 316ರಲ್ಲಿ ಇವುಗಳ ಜೊತೆಗೆ ಶೇಕಡಾ 2ರಿಂದ 3 ಮಾಲಿಬ್ಡಿನಂ ಇದೆ. ಉಪ್ಪಿನ ಕ್ಲೋರೈಡ್ ಅಯಾನು ಆಕ್ಸೈಡ್ ಪೊರೆಯನ್ನು ಚುಚ್ಚಿ ಗುಳಿ ಮಾಡುವುದನ್ನು ಮಾಲಿಬ್ಡಿನಂ ತಡೆಯುತ್ತದೆ. ಕಡಲಿನಿಂದ ದೂರದ ಊರಿನಲ್ಲಿ 304 ಧಾರಾಳ ಸಾಕು. ಅಲೆಯ ಸದ್ದು ಕೇಳುವ ಮನೆಗೆ ಸಾಲದು. ನಿಕ್ಕಲ್ ಉಳಿಸಲು ಮ್ಯಾಂಗನೀಸ್ ಸೇರಿಸಿದ 202 ಎಂಬ ಅಗ್ಗದ ಜಾತಿಯಂತೂ ಕಡಲತೀರಕ್ಕೆ ಬೇಡವೇ ಬೇಡ.

ಅಂಗಡಿಯಲ್ಲಿ ಗುರುತಿಸುವುದು ಹೇಗೆ? ಅಯಸ್ಕಾಂತ ಹಿಡಿದು ನೋಡುವವರಿದ್ದಾರೆ. ಅದು ಕಬ್ಬಿಣವನ್ನು ಹಿಡಿದುಕೊಡುತ್ತದೆ, ಆದರೆ 202, 304, 316 ಮೂರನ್ನೂ ಬೇರೆ ಮಾಡಿ ತೋರಿಸಲಾರದು. ಸಾಲದ್ದಕ್ಕೆ, ತಣ್ಣಗಿದ್ದಾಗಲೇ ಒತ್ತಿ ಮಾಡಿದ ಅಪ್ಪಟ 304 ತಿರುಪೂ ಅಯಸ್ಕಾಂತಕ್ಕೆ ಕೊಂಚ ಅಂಟುವುದುಂಟು. ಬೋಲ್ಟಿನ ತಲೆಯ ಮೇಲೆ ಒತ್ತಿದ ಗುರುತನ್ನು ಓದಿ: ‘A2’ ಎಂದಿದ್ದರೆ 304ರ ವರ್ಗ, ‘A4’ ಎಂದಿದ್ದರೆ 316ರ ವರ್ಗ. ಸಣ್ಣ ತಿರುಪುಗಳ ಮೇಲೆ ಗುರುತು ಇರುವುದಿಲ್ಲ. ಡಬ್ಬಿಯ ಚೀಟಿ ನೋಡಿ, ಬಿಲ್ಲಿನ ಮೇಲೆ 316 ಎಂದು ಬರೆಸಿಕೊಳ್ಳಿ. ಬೆಲೆ ಹೆಚ್ಚು ನಿಜ, ಆದರೆ ಒಂದು ರೇಲಿಂಗಿಗೆ ಬೇಕಾದ ತಿರುಪುಗಳು ಎಷ್ಟು ಮಹಾ!

ಇನ್ನು ನಿರೋಧಕ. ತಿರುಪಿನ ತಲೆಯ ಅಡಿಯ ಸಂದಿನಲ್ಲಿ ಉಪ್ಪುನೀರು ನಿಲ್ಲುತ್ತದೆ. ಒಟ್ಟು ಲೆಕ್ಕ ಅನುಕೂಲವಾಗಿದ್ದರೂ ಆ ಸಂದಿನಲ್ಲಿ ಅಲ್ಯೂಮಿನಿಯಂ ಸವೆಯುವುದು ಇದರಿಂದಲೇ. ಬೋಲ್ಟಾದರೆ ತಲೆಯ ಕೆಳಗೆ ನೈಲಾನ್ ವಾಷರ್, ಅದರ ಮೇಲೆ ಸ್ಟೀಲ್ ವಾಷರ್ ಇರಲಿ. ವಾಷರ್ ಒಂದೇ ಸಾಲದು. ಬೋಲ್ಟಿನ ಮೈ ತೂತಿನ ಗೋಡೆಗೆ ತಾಗಿದರೆ ಸಂಪರ್ಕ ಆಗಿಯೇಬಿಡುತ್ತದೆ. ಅದಕ್ಕಾಗಿ ತೂತಿನೊಳಗೆ ನೈಲಾನ್ ಕೊಳವೆ ತೂರಿಸಬೇಕು. ಮಲ್ಟಿಮೀಟರ್ ಇದ್ದವರು ಪರೀಕ್ಷಿಸಿ ನೋಡಬಹುದು: ಒಂದು ಕಡ್ಡಿ ಬೋಲ್ಟಿಗೆ, ಇನ್ನೊಂದು ರೇಲಿಂಗಿಗೆ. ಆದರೆ ರೇಲಿಂಗಿನ ಕಾಣದ ಜಾಗದಲ್ಲಿ ಮೇಲ್ಪದರವನ್ನು ಸ್ವಲ್ಪ ಕೆರೆದೇ ಕಡ್ಡಿ ಇಡಬೇಕು, ಏಕೆಂದರೆ ಬಣ್ಣವೂ ಆಕ್ಸೈಡ್ ಲೇಪನವೂ ಕರೆಂಟನ್ನು ತಡೆದು ಸುಳ್ಳು ಉತ್ತರ ಕೊಡುತ್ತವೆ.

ಅಲ್ಯೂಮಿನಿಯಂ ಒಳಕ್ಕೆ ಕಚ್ಚಿಕೊಂಡು ಹೋಗುವ ತಿರುಪಿಗೆ ಕೊಳವೆ ಹಾಕಲಾಗದು. ಅಲ್ಲಿ ಲೋಹದ ಸಂಪರ್ಕವನ್ನು ತಪ್ಪಿಸಲಾಗದಿದ್ದರೆ ನೀರನ್ನು ತಪ್ಪಿಸಿ: ಎಳೆಗೂ ತಲೆಯ ಅಡಿಗೂ ಸೀಲೆಂಟ್ ಬಳಿದು ಬಿಗಿಸಿ. ವಿನಿಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದು ಆರುವಾಗ ಬಿಡುವ ಆಮ್ಲ ಲೋಹಕ್ಕೆ ಹಿತವಲ್ಲ. ಆ ವಾಸನೆಯಿಲ್ಲದ, ‘ನ್ಯೂಟ್ರಲ್’ ಎಂದು ಬರೆದದ್ದನ್ನು ಕೇಳಿ. ಬಣ್ಣ ಬಳಿಯುವುದಾದರೆ ತಿರುಪಿನ ತಲೆಗೂ ಬಳಿಯಿರಿ. ಅಲ್ಯೂಮಿನಿಯಂಗೆ ಮಾತ್ರ ಬಳಿದು ತಿರುಪನ್ನು ಬಿಟ್ಟರೆ, ಬಣ್ಣ ಕಿತ್ತ ಒಂದು ಗೀರಿನ ಮೇಲೆಯೇ ಸವೆತವೆಲ್ಲ ಮುಗಿಬೀಳುತ್ತದೆ. ವಿಸ್ತೀರ್ಣದ ಲೆಕ್ಕ ಇಲ್ಲಿಯೂ ಬಿಡಲಿಲ್ಲ, ನೋಡಿ.

ರೇಲಿಂಗ್ ಕಬ್ಬಿಣದ್ದಾಗಿ ಪೂರ್ತಿ ಸತುವಿನಲ್ಲಿ ಅದ್ದಿ ತೆಗೆದದ್ದಾದರೆ, ಅದಕ್ಕೆ ಹಾಗೆಯೇ ಅದ್ದಿದ ಜಿ.ಐ. ಬೋಲ್ಟೇ ಸರಿ. ಸ್ಟೇನ್‌ಲೆಸ್ ರೇಲಿಂಗಿಗೆ 316 ಬಿಟ್ಟು ಬೇರೆ ಯೋಚನೆ ಬೇಡ.

ತರಗತಿಯಲ್ಲಿ ಮಾಡಬಹುದಾದ ಒಂದು ಪ್ರಯೋಗ. ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಹಾಕಿದರೆ ಕಡಲಿನ ನೀರಿನಷ್ಟು ಉಪ್ಪಾಗುತ್ತದೆ. ಮೂರು ಲೋಟಗಳಿಗೆ ಹಂಚಿ. ಮೂರು ಕಬ್ಬಿಣದ ಮೊಳೆಗಳನ್ನು ಉಪ್ಪುಕಾಗದದಿಂದ ಉಜ್ಜಿ ಹೊಳೆಯಿಸಿ. ಒಂದನ್ನು ಹಾಗೆಯೇ ಬಿಡಿ, ಒಂದಕ್ಕೆ ಸಿಪ್ಪೆ ಸುಲಿದ ತಾಮ್ರದ ತಂತಿ ಬಿಗಿಯಾಗಿ ಸುತ್ತಿ, ಇನ್ನೊಂದಕ್ಕೆ ಪ್ರಯೋಗಶಾಲೆಯ ಸತುವಿನ ಪಟ್ಟಿ. ಎರಡು ದಿನ ಬಿಟ್ಟು ನೋಡಿ. ತಾಮ್ರ ಸುತ್ತಿದ ಮೊಳೆ ಒಂಟಿ ಮೊಳೆಗಿಂತ ಹೆಚ್ಚು ತುಕ್ಕು ಹಿಡಿದಿರುತ್ತದೆ. ಸತು ಸುತ್ತಿದ ಮೊಳೆ ಹೊಳೆಯುತ್ತಿದ್ದು, ಸತುವಿನ ಸುತ್ತ ಬಿಳಿ ಮೋಡ ಕಟ್ಟಿರುತ್ತದೆ. ಆರಂಭದಲ್ಲೇ ಎರಡು ಹನಿ ಫಿನಾಲ್ಫ್‌ಥಲೀನ್ ಹಾಕಿ ಅಲುಗಾಡಿಸದೆ ಇಟ್ಟರೆ, ಕ್ಯಾಥೋಡಿನ ಹತ್ತಿರ ಗುಲಾಬಿ ಬಣ್ಣ ಮೂಡುತ್ತದೆ. ಯಾವ ಲೋಟದಲ್ಲಿ ಯಾವ ಲೋಹದ ಬಳಿ ಗುಲಾಬಿ ಎಂಬುದನ್ನು ಮೊದಲೇ ಊಹಿಸಿ ಬರೆದಿಡಿ.

ಹೆತ್ತವರಿಗೆ ಒಂದು ಮಾತು. 316 ಕೂಡ ಉಪ್ಪು ಕೂಡಿದಲ್ಲಿ ಚಹಾ ಬಣ್ಣದ ಕಲೆ ಹಿಡಿಯುತ್ತದೆ. ಅದು ಹೆಚ್ಚಾಗಿ ಮೇಲ್ಮೈಯದ್ದು. ಮಳೆ ತೊಳೆಯದ ಒಳಮೂಲೆಗಳನ್ನು ಹದಿನೈದು ದಿನಕ್ಕೊಮ್ಮೆ ಬಾವಿಯ ಸಿಹಿನೀರಿನಿಂದ ಒರೆಸಿದರೆ ಸಾಕು. ಕಬ್ಬಿಣದ ಉಜ್ಜುನಾರು ಬಳಸಬೇಡಿ, ಅದರ ಚೂರುಗಳು ಸ್ಟೀಲಿನ ಮೇಲೆ ಅಂಟಿ ತಾವೇ ತುಕ್ಕಾಗುತ್ತವೆ. ತಿರುಪಿನ ಸುತ್ತ ಬಿಳಿಪುಡಿ ಕಂಡರೆ ಸತುವೋ ಅಲ್ಯೂಮಿನಿಯಮ್ಮೋ ಸವೆಯುತ್ತಿದೆ. ಕೆಂಪು ಕಂಡರೆ ಕಬ್ಬಿಣ ಬಯಲಾಗಿದೆ. ಹಸಿರು ಕಂಡರೆ ತಾಮ್ರ ಅಥವಾ ಹಿತ್ತಾಳೆ ಕರಗುತ್ತಿದೆ. ಆದರೆ ತಲೆ ಚೆನ್ನಾಗಿ ಕಂಡ ಮಾತ್ರಕ್ಕೆ ಒಳಗಿನ ಮೈ ಗಟ್ಟಿ ಎಂದು ನಂಬಬೇಡಿ. ಪ್ರತಿ ಕಂಬವನ್ನೂ ಬುಡದ ಹತ್ತಿರ ನೋಡುತ್ತ ಕೈಯಿಂದ ಹಿಂದೆ ಮುಂದೆ ದೂಡಿ. ಅಲುಗಾಡಿದರೆ, ಇಲ್ಲವೇ ಬುಡದ ಕಾಂಕ್ರೀಟು ಸೀಳಿದ್ದರೆ, ಅಂದೇ ಆ ಬದಿಗೆ ಮಕ್ಕಳು ಹೋಗದಂತೆ ಅಡ್ಡ ಕಟ್ಟಿ, ಕೆಲಸ ಬಲ್ಲವರನ್ನು ಕರೆಸಿ. ಬೋಲ್ಟುಗಳನ್ನು ಒಮ್ಮೆಲೇ ಬಿಚ್ಚಿಸದೆ, ಒಂದನ್ನು ತೆಗೆದು ಹೊಸದನ್ನು ಬಿಗಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿಸಿ.